ರೆಂಡರ್‌ನಲ್ಲಿ ಒಂದು ಮಹಡಿ ಎಲ್ಲಿ ಹೋಯಿತು? ಕೆಳಗೆ ಅಂಗಡಿ, ಮೇಲೆ ಫ್ಲಾಟ್ ಇರುವ ಟವರ್ ಬಗ್ಗೆ ಸಹಾಯ ಬೇಕು

ರೇಖೆ_ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಬೆಳಗಾವಿಯಲ್ಲಿ ಒಂದು ಸಣ್ಣ ಆಫೀಸಿನಲ್ಲಿ ಡ್ರಾಯಿಂಗ್ ಮತ್ತು 3ಡಿ ಕೆಲಸ ಮಾಡುತ್ತೇನೆ. ಈಗ ಒಂದು ಟವರ್ ಬಂದಿದೆ. ಕೆಳಗೆ ಎರಡು ಮಹಡಿ ಅಂಗಡಿ, ಅದರ ಮೇಲೆ ಒಂದು ಸರ್ವಿಸ್ ಮಹಡಿ, ಆಮೇಲೆ ಹತ್ತು ಮಹಡಿ ಫ್ಲಾಟ್. ಮುಂಭಾಗ ದಕ್ಷಿಣಕ್ಕೆ, ಅಗಲ 25.2 ಮೀಟರ್. ಅಂಗಡಿಗಳ ಪೋಡಿಯಂ ಮುಂದಕ್ಕಿದೆ, ಫ್ಲಾಟ್‌ಗಳ ಟವರ್ ಅದಕ್ಕಿಂತ 3 ಮೀಟರ್ ಹಿಂದೆ ಸರಿದು ನಿಂತಿದೆ. ಪೋಡಿಯಂ ಮೇಲಿನ ಟೆರೇಸಿಗೆ 1.2 ಮೀಟರ್ ಗಟ್ಟಿ ಪ್ಯಾರಾಪೆಟ್ ಇದೆ.

ಎತ್ತರ ಹೀಗಿವೆ: ನೆಲಮಹಡಿ 4.2, ಒಂದನೇ ಮಹಡಿ 3.9, ಸರ್ವಿಸ್ 2.4, ಆಮೇಲೆ 3.0 ರ ಹತ್ತು ಮಹಡಿ. ಕೆಳಗೆ 7 ಅಂಗಡಿ, ಒಂದೊಂದು 3.6 ಮೀಟರ್. ಮೇಲೆ ಪ್ರತಿ ಮಹಡಿಯಲ್ಲಿ 6 ಕಿಟಕಿ ಗುಂಪು, ಒಂದೊಂದು 4.2 ಮೀಟರ್. ಕ್ಯಾಮೆರಾ ರಸ್ತೆಯ ಆಚೆ ಫುಟ್‌ಪಾತ್ ಮೇಲೆ, ಪೋಡಿಯಂನಿಂದ 30 ಮೀಟರ್ ದೂರದಲ್ಲಿ, ಮನುಷ್ಯನ ಕಣ್ಣಿನ ಎತ್ತರಕ್ಕೆ ಇಟ್ಟಿದ್ದೇನೆ.

ರೆಂಡರ್ ತೋರಿಸಿದಾಗ ಮಾಲೀಕರು ಬೆರಳಿಟ್ಟು ಎಣಿಸಿದರು. "ಒಂಬತ್ತೇ ಮಹಡಿ ಇವೆ, ಹತ್ತನೇದು ಎಲ್ಲಿ?" ಅಂದರು. ಮಾಡೆಲ್‌ನಲ್ಲಿ ಹತ್ತೂ ಇವೆ, ನಾನು ನೋಡಿದೆ. ಇನ್ನೊಂದು ಮಾತು ಹೇಳಿದರು. ಕೆಳಗಿನದು ಬೇರೆ ಬಿಲ್ಡಿಂಗ್, ಮೇಲಿನದು ಬೇರೆ ಬಿಲ್ಡಿಂಗ್, ಎರಡನ್ನೂ ತಂದು ಒಂದರ ಮೇಲೊಂದು ಇಟ್ಟಂತಿದೆ ಅಂತ. ಆ ಮಾತು ನನಗೂ ಸರಿ ಅನ್ನಿಸುತ್ತಿದೆ, ಆದರೆ ಎಲ್ಲಿ ತಿದ್ದಬೇಕು ಗೊತ್ತಾಗುತ್ತಿಲ್ಲ. ಬಣ್ಣ ಬದಲಿಸಿದೆ, ಗಾಜು ಬದಲಿಸಿದೆ, ಏನೂ ಪ್ರಯೋಜನ ಆಗಲಿಲ್ಲ.

---

ಇಳಕಲ್_ಕಲ್ಲು

ಪೋಡಿಯಂಗೆ ಇಳಕಲ್ ಕೆಂಪು ಗ್ರಾನೈಟ್ ಹಾಕಿಸಿ ಅಕ್ಕಾ. ಕೆಳಗೆ ಕಲ್ಲು, ಮೇಲೆ ಬಿಳಿ ಬಣ್ಣ. ಬಹಳ ಭಾರೀ ಕಾಣುತ್ತದೆ. ಎಷ್ಟು ಚದರಡಿ ಆಗುತ್ತದೆ ಹೇಳಿದರೆ ರೇಟ್ ಹೇಳುತ್ತೇನೆ, ಸಾಗಾಟ ಬೇರೆ.

---

ರೇಖೆ_ಬೆಳಗಾವಿ

ಅಣ್ಣಾ, ಈಗ ರೆಂಡರ್ ಹಂತದಲ್ಲೇ ಇದ್ದೇವೆ. ಕಲ್ಲಿನ ವಿಚಾರ ಆಮೇಲೆ. ಮೊದಲು ಮಹಡಿ ಸರಿ ಕಾಣಬೇಕು.

---

ಲೆನ್ಸ್_ಬಸು

ಇದು ಕ್ಯಾಮೆರಾ ತೊಂದರೆ, ಬೇರೇನೂ ಅಲ್ಲ. ಕೆಳಗೆ ನಿಂತು 40 ಮೀಟರ್ ಬಿಲ್ಡಿಂಗ್ ನೋಡಿದರೆ ಕ್ಯಾಮೆರಾ ಮೇಲಕ್ಕೆ ವಾಲುತ್ತದೆ. ಮೇಲಿನ ಮಹಡಿಗಳು ಸಣ್ಣ ಆಗುತ್ತವೆ, ಗೋಡೆಗಳು ಒಳಕ್ಕೆ ಬಾಗುತ್ತವೆ. ನಾನು ಪ್ರತಿ ಸಲ ರೆಂಡರ್ ಆದ ಮೇಲೆ ಫೋಟೋಶಾಪ್‌ನಲ್ಲಿ ಎಳೆದು ನೇರ ಮಾಡುತ್ತೇನೆ. ಐದು ನಿಮಿಷದ ಕೆಲಸ. ಮಾಡೆಲ್ ಮುಟ್ಟುವ ಅವಶ್ಯಕತೆಯೇ ಇಲ್ಲ.

---

ಹಳೇ_ಟಿ_ಸ್ಕ್ವೇರ್

ರೇಖೆ ಅವರೇ, ನೀವು ಎತ್ತರ, ದೂರ ಎಲ್ಲ ಕೊಟ್ಟಿದ್ದು ಒಳ್ಳೆಯದಾಯಿತು. ಲೆಕ್ಕ ಹಾಕಿ ನೋಡಬಹುದು. ನಿಮ್ಮಲ್ಲಿ ಮೂರು ಬೇರೆ ಬೇರೆ ವಿಷಯ ಸೇರಿಕೊಂಡಿವೆ. ಮೊದಲು ಕಾಣೆಯಾದ ಮಹಡಿ ಹುಡುಕೋಣ.

ಪೋಡಿಯಂ ಸ್ಲ್ಯಾಬ್ ಮಟ್ಟ 4.2 + 3.9 + 2.4, ಅಂದರೆ 10.5 ಮೀಟರ್. ಅದರ ಮೇಲೆ ಪ್ಯಾರಾಪೆಟ್ 1.2. ಒಟ್ಟು 11.7. ಕಣ್ಣಿನ ಎತ್ತರ 1.6 ಅಂತ ಇಟ್ಟುಕೊಳ್ಳೋಣ. ಕಣ್ಣಿನಿಂದ ಪ್ಯಾರಾಪೆಟ್ ತುದಿಗೆ ಒಂದು ನೇರ ಗೆರೆ ಎಳೆಯಿರಿ. 30 ಮೀಟರ್ ದೂರ ಹೋಗುವಷ್ಟರಲ್ಲಿ ಅದು 10.1 ಮೀಟರ್ ಏರುತ್ತದೆ. ಟವರ್ ಇನ್ನೂ 3 ಮೀಟರ್ ಹಿಂದಿದೆ, ಹಾಗಾಗಿ ಗೆರೆ ಇನ್ನೂ ಸುಮಾರು 1 ಮೀಟರ್ ಏರಿ 12.7 ರಲ್ಲಿ ಟವರ್ ಗೋಡೆಗೆ ತಾಗುತ್ತದೆ. ನಿಮ್ಮ ಮೊದಲ ಫ್ಲಾಟ್ ಮಹಡಿ 10.5 ರಿಂದ 13.5 ರವರೆಗೆ ಇದೆ. ಅಂದರೆ 3 ಮೀಟರ್‌ನಲ್ಲಿ 2.2 ಮೀಟರ್ ಪ್ಯಾರಾಪೆಟ್ ಹಿಂದೆ ಮುಚ್ಚಿಹೋಗಿದೆ. ಕಾಣುವುದು ಕಿಟಕಿಯ ಮೇಲಿನ ಪಟ್ಟಿ ಮಾತ್ರ. ಅದನ್ನು ಯಾರೂ ಮಹಡಿ ಅಂತ ಎಣಿಸುವುದಿಲ್ಲ. ಮಾಲೀಕರು ಎಣಿಸಿದ್ದು ಸರಿಯಾಗಿಯೇ ಇದೆ.

ಕ್ಯಾಮೆರಾ ಇನ್ನೂ ಹಿಂದಕ್ಕೆ ಒಯ್ದರೆ ಸಾಕು ಅಂತ ಅನ್ನಿಸಬಹುದು. ಸಾಲದು. 60 ಮೀಟರ್‌ಗೆ ಹೋದರೂ 1.7 ಮೀಟರ್ ಮುಚ್ಚಿಯೇ ಇರುತ್ತದೆ, ಯಾಕೆಂದರೆ ಆ ಪ್ಯಾರಾಪೆಟ್ಟೇ 1.2 ಇದೆ, ಅದನ್ನು ಯಾವ ದೂರವೂ ಕರಗಿಸುವುದಿಲ್ಲ. ಅದರ ಬದಲು ಗಟ್ಟಿ ಪ್ಯಾರಾಪೆಟ್ ತೆಗೆದು ಅಷ್ಟೇ ಎತ್ತರದ ಕಬ್ಬಿಣದ ರೇಲಿಂಗ್ ಅಥವಾ ಗಾಜು ಹಾಕಿ. ಆಗ ಅಡ್ಡ ಬರುವುದು ಸ್ಲ್ಯಾಬ್ ಅಂಚು ಮಾತ್ರ. 30 ಮೀಟರ್‌ನಲ್ಲೇ ನಿಂತರೂ ಮುಚ್ಚುವುದು 0.9 ಮೀಟರ್ ಅಷ್ಟೇ. ಕಿಟಕಿ ಪೂರ್ತಿ ಕಾಣುತ್ತದೆ.

ಇದು ಚಿತ್ರಕ್ಕಾಗಿ ಮಾಡುವ ಉಪಾಯ ಅಂದುಕೊಳ್ಳಬೇಡಿ. ನಾಳೆ ಕಟ್ಟಿದ ಮೇಲೆ ರಸ್ತೆಯಲ್ಲಿ ನಿಂತವನಿಗೂ ಹೀಗೇ ಕಾಣುವುದು. ಆ ಮೊದಲ ಮಹಡಿಯ ಮನೆಯವರಿಗೆ ಕಿಟಕಿಯಿಂದ ರಸ್ತೆ ಕಾಣುವುದಿಲ್ಲ, ಎದುರಿಗೆ ಗೋಡೆ ಕಾಣುತ್ತದೆ. ರೆಂಡರ್ ಇದನ್ನು ಈಗಲೇ ತೋರಿಸಿಕೊಟ್ಟಿದೆ.

---

ರೇಖೆ_ಬೆಳಗಾವಿ

ಸರ್, ಈಗಷ್ಟೇ ಪ್ಯಾರಾಪೆಟ್ ಲೇಯರ್ ಆಫ್ ಮಾಡಿ ನೋಡಿದೆ. ಹತ್ತನೇ ಮಹಡಿ ಅಲ್ಲೇ ಇದೆ! ರೇಲಿಂಗ್ ಬಗ್ಗೆ ಮಾಲೀಕರ ಜೊತೆ ಮಾತಾಡುತ್ತೇನೆ. ಮಕ್ಕಳು ಹತ್ತಬಹುದು ಅಂತ ಹೆದರಬಹುದು, ಅಡ್ಡ ಸರಳು ಇಲ್ಲದೆ ಉದ್ದ ಸರಳೇ ಹಾಕಿದರೆ ಒಪ್ಪಬಹುದು ಅನ್ನಿಸುತ್ತದೆ.

ಕೆಳಗಿನದು ಬೇರೆ, ಮೇಲಿನದು ಬೇರೆ ಕಾಣುವುದಕ್ಕೆ ಏನು ಕಾರಣ?

---

ಖಡೇಬಜಾರ್_ವ್ಯಾಪಾರಿ

ನಾನು ಆರ್ಕಿಟೆಕ್ಟ್ ಅಲ್ಲ, ಆದರೆ ಈ ವಿಷಯ ಓದಿ ಬರೆಯಲೇಬೇಕು ಅನ್ನಿಸಿತು. ನಾನು ಇದೇ ಊರಲ್ಲಿ ಒಂದು ಹೊಸ ಕಾಂಪ್ಲೆಕ್ಸಿನಲ್ಲಿ ಅಂಗಡಿ ತಗೊಂಡೆ. ಯಾವುದು ಅಂತ ಹೇಳುವುದಿಲ್ಲ. ಬುಕ್ ಮಾಡುವಾಗ ತೋರಿಸಿದ ಚಿತ್ರದಲ್ಲಿ ಅಂಗಡಿ ಮುಂದೆ ಪೂರ್ತಿ ಗಾಜು, ಎಷ್ಟು ಚೆಂದ ಇತ್ತು. ಕೈಗೆ ಬಂದಾಗ ಶಟರ್ ಪಕ್ಕದಲ್ಲೇ, ಬಾಗಿಲು ಬರಬೇಕಾದ ಕಡೆ ಎರಡಡಿ ಕಂಬ ನಿಂತಿದೆ. ಕೇಳಿದರೆ "ಮೇಲಿನ ಮನೆಗಳ ಕಂಬ, ತೆಗೆಯಕ್ಕಾಗಲ್ಲ" ಅಂದರು. ಚಿತ್ರದಲ್ಲಿ ಆ ಕಂಬ ಯಾಕೆ ಇರಲಿಲ್ಲ? ನಿಮ್ಮ ಚಿತ್ರ ನೋಡಿ ನಾವು ದುಡ್ಡು ಕೊಡುತ್ತೇವೆ ತಂಗಿ, ದಯವಿಟ್ಟು ಕಂಬ ತೋರಿಸಿ.

---

ಹಳೇ_ಟಿ_ಸ್ಕ್ವೇರ್

ವ್ಯಾಪಾರಿಗಳು ಹೇಳಿದ್ದರಲ್ಲೇ ರೇಖೆ ಅವರ ಪ್ರಶ್ನೆಗೆ ಉತ್ತರ ಇದೆ.

ರೇಖೆ ಅವರೇ, ನಿಮ್ಮ ಬೇಸ್‌ಮೆಂಟಿನಲ್ಲಿ ಪಾರ್ಕಿಂಗ್ ಇದೆಯಾ? ಕಂಬಗಳ ನಡುವೆ ಎಷ್ಟು ದೂರ?

---

ರೇಖೆ_ಬೆಳಗಾವಿ

ಇದೆ ಸರ್. ಕಂಬದಿಂದ ಕಂಬಕ್ಕೆ 8.4 ಮೀಟರ್, ಮುಂಭಾಗದಲ್ಲಿ ಮೂರು ಅಂಕಣ. ಕಂಬ 600 ಮಿಲಿಮೀಟರ್. ಎರಡು ಕಂಬದ ನಡುವೆ ಮೂರು ಕಾರು ನಿಲ್ಲಬೇಕು ಅಂತ ಇಂಜಿನಿಯರ್ ಹಾಗೆ ಮಾಡಿದ್ದಾರೆ. ರೆಂಡರ್‌ನಲ್ಲಿ ಅಂಗಡಿ ಗಾಜಿನ ಹಿಂದೆ ಕಂಬ ಬರುತ್ತಿತ್ತು, ಆಫೀಸಿನಲ್ಲಿ ಆ ಲೇಯರ್ ಆಫ್ ಇಡು ಅಂದಿದ್ದರು.

---

ಹಳೇ_ಟಿ_ಸ್ಕ್ವೇರ್

ಸರಿ. ಒಂದು ಕಾರಿಗೆ 2.5 ಮೀಟರ್ ಅಗಲ, ಮೂರಕ್ಕೆ 7.5. ಎರಡು ಕಂಬದ ನಡುವೆ ಖಾಲಿ ಜಾಗ 7.8. ಸರಿಯಾಗಿದೆ. ಹಾಗಾದರೆ ಈ ಕಟ್ಟಡದ ನಿಜವಾದ ಅಳತೆಗೋಲು 8.4. ಅದನ್ನು ಯಾರೂ ಬದಲಿಸಲು ಆಗುವುದಿಲ್ಲ, ಕಾರುಗಳು ಅದನ್ನು ನಿರ್ಧರಿಸಿಬಿಟ್ಟಿವೆ.

ಮೇಲಿನ ಕಿಟಕಿಗಳು 4.2. ಅದು 8.4 ರ ಅರ್ಧ. ಹಾಗಾಗಿ ಪ್ರತಿ ಎರಡು ಕಿಟಕಿಗೆ ಒಂದು ಕಂಬ ಸರಿಯಾಗಿ ಬರುತ್ತದೆ. ಮೇಲೆ ತೊಂದರೆ ಇಲ್ಲ.

ಕೆಳಗೆ 7 ಅಂಗಡಿ, 3.6 ಮೀಟರ್. ಎಡದಿಂದ ಗೋಡೆಗಳು ಎಲ್ಲಿ ಬರುತ್ತವೆ ನೋಡಿ: 3.6, 7.2, 10.8, 14.4, 18.0, 21.6. ನಡುವಿನ ಕಂಬಗಳು 8.4 ಮತ್ತು 16.8 ರಲ್ಲಿವೆ. ಒಂದು ಗೋಡೆಯೂ ಒಂದು ಕಂಬಕ್ಕೆ ಕೂಡುವುದಿಲ್ಲ. ಮೂರನೇ ಅಂಗಡಿಯಲ್ಲಿ ಎಡಗೋಡೆಯಿಂದ 1.2 ಮೀಟರ್‌ಗೆ ಕಂಬ. ಐದನೇ ಅಂಗಡಿಯಲ್ಲಿ ಬಲಗೋಡೆಯಿಂದ 1.2 ಮೀಟರ್‌ಗೆ ಕಂಬ. ಇದೇ ಆ ಎರಡಡಿ ಕಂಬ, ವ್ಯಾಪಾರಿಗಳೇ.

ಕಂಬದ ಲೇಯರ್ ಆಫ್ ಮಾಡಿದರೆ ಕಂಬ ಮಾತ್ರ ಮಾಯ ಆಗುತ್ತದೆ, ಗೊಂದಲ ಹಾಗೇ ಉಳಿಯುತ್ತದೆ. ಮೇಲಿನಿಂದ ಇಳಿದು ಬಂದ ಉದ್ದ ಗೆರೆ ಅಂಗಡಿಯ ಬೋರ್ಡಿನ ನೆತ್ತಿಯ ಮೇಲೆ ಬಂದು ನಿಲ್ಲುತ್ತದೆ. ಕೆಳಗೆ ಮುಂದುವರಿಯಲು ಅದಕ್ಕೆ ದಾರಿ ಇಲ್ಲ. ಮಾಲೀಕರು ಎರಡು ಬಿಲ್ಡಿಂಗ್ ಅಂದಿದ್ದು ಇದಕ್ಕೇ.

---

ಲೆನ್ಸ್_ಬಸು

ಹಾಗಾದರೆ ಸುಲಭ ಅಲ್ವಾ? ಕೆಳಗೂ 6 ಅಂಗಡಿ ಮಾಡಿ. ಪ್ರತಿ ಕಿಟಕಿ ಕೆಳಗೆ ಒಂದು ಅಂಗಡಿ. ಎಲ್ಲ ಗೆರೆಯೂ ನೆಲದಿಂದ ಟೆರೇಸ್ ತನಕ ಕೂಡಬೇಕು, ಅದೇ ನಿಯಮ.

---

ರೇಖೆ_ಬೆಳಗಾವಿ

ಮಾಲೀಕರು 7 ಅಂಗಡಿಗಿಂತ ಕಡಿಮೆ ಒಪ್ಪುವುದೇ ಇಲ್ಲ. ಒಂದು ಅಂಗಡಿ ಹೋದರೆ ಲೆಕ್ಕವೇ ತಪ್ಪುತ್ತದೆ ಅಂತಾರೆ.

---

ಹಳೇ_ಟಿ_ಸ್ಕ್ವೇರ್

ಬಸು ಅವರೇ, ಎಲ್ಲ ಗೆರೆಯೂ ಕೂಡಬೇಕಾಗಿಲ್ಲ. ಕಂಬದ ಗೆರೆಗಳು ಕೂಡಬೇಕು, ಅಷ್ಟೇ. ಕಂಬದಿಂದ ಕಂಬದ ನಡುವೆ ಕೆಳಗೆ ಮೂರು ಭಾಗ ಇದ್ದು ಮೇಲೆ ಎರಡು ಭಾಗ ಇದ್ದರೂ ಕಣ್ಣು ಒಪ್ಪಿಕೊಳ್ಳುತ್ತದೆ, ಯಾಕೆಂದರೆ ಪ್ರತಿ 8.4 ಮೀಟರ್‌ಗೆ ಎರಡೂ ಮತ್ತೆ ಜೊತೆಗೂಡುತ್ತವೆ. ತಾಳದಲ್ಲಿ ಸಮಕ್ಕೆ ಬಂದು ಸೇರಿದಂತೆ. ನಡುವೆ ಏನೇ ನುಡಿಸಿದರೂ ಸಮ ತಪ್ಪಬಾರದು.

ಹಾಗೆ ನೋಡಿದರೆ ಒಂದು ಅಂಕಣದಲ್ಲಿ ಎರಡು ದೊಡ್ಡ ಅಂಗಡಿ ಇಡಬಹುದು, ಅಥವಾ ಮೂರು ಸಣ್ಣ ಅಂಗಡಿ. 7.8 ಮೀಟರ್ ಖಾಲಿ ಜಾಗದಲ್ಲಿ ಒಂದು ಆರಿಂಚು ಗೋಡೆಯ ಜಾಗ ಕಳೆದರೆ ಎರಡು ಅಂಗಡಿಗೆ ತಲಾ 3.8 ಮೀಟರ್, ಹನ್ನೆರಡೂವರೆ ಅಡಿ. ಎರಡು ಗೋಡೆಯ ಜಾಗ ಕಳೆದರೆ ಮೂರು ಅಂಗಡಿಗೆ ತಲಾ 2.5 ಮೀಟರ್, ಎಂಟಡಿ ಚಿಲ್ಲರೆ. ಎರಡೂ ನಮ್ಮ ಊರುಗಳ ಬಜಾರಿನಲ್ಲಿ ನಡೆಯುವ ಅಳತೆಗಳೇ.

ಮೂರು ಅಂಕಣದಲ್ಲಿ 2, 3, 2 ಅಂತ ಇಡಿ. ಏಳು ಅಂಗಡಿ ಆಯಿತು. ಒಂದೂ ಕಂಬ ಶಟರ್ ಮುಂದೆ ಬರುವುದಿಲ್ಲ.

---

ರೇಖೆ_ಬೆಳಗಾವಿ

ಸರ್!! ಇದು ನಿಜವಾಗಿಯೂ ಆಗುತ್ತದೆ. ಈಗಲೇ ಕೂತು ಹಾಕುತ್ತೇನೆ.

---

ಬಾಗಲಕೋಟೆ_ಸೈಟ್_ಇಂಜಿನಿಯರ್

ಒಂದು ನಿಮಿಷ ನಿಲ್ಲಿ. 25.2 ಮೀಟರ್ ಮುಂಭಾಗ ಪೂರ್ತಿ ಅಂಗಡಿ ಹಾಕಿಬಿಟ್ಟಿರಿ. ಮೇಲೆ ಹತ್ತು ಮಹಡಿ ಜನ ಮನೆಗೆ ಹೋಗುವುದು ಎಲ್ಲಿಂದ? ಲಿಫ್ಟ್ ಲಾಬಿ ಎಲ್ಲಿ?

ಇನ್ನೊಂದು. ಟವರ್ 3 ಮೀಟರ್ ಹಿಂದೆ ಸರಿದಿದೆ ಅಂದಿರಿ. ಟವರಿನ ಮುಂದಿನ ಸಾಲು ಕಂಬ ಪೋಡಿಯಂ ಒಳಗೆ ನೆಲದ ತನಕ ನೇರ ಇಳಿಯುತ್ತದೋ ಇಲ್ಲವೋ? ಇಳಿಯದಿದ್ದರೆ ಸರ್ವಿಸ್ ಮಹಡಿಯಲ್ಲಿ ದೊಡ್ಡ ಟ್ರಾನ್ಸ್‌ಫರ್ ಬೀಮ್ ಬರುತ್ತದೆ. ಹತ್ತು ಮಹಡಿ ಭಾರ ಹೊರುವ ಬೀಮ್ ಅದು, ತೆಳ್ಳಗೆ ಇರುವುದಿಲ್ಲ. ಚಿತ್ರದಲ್ಲೂ ಅದಕ್ಕೆ ಜಾಗ ಬೇಕು.

---

ರೇಖೆ_ಬೆಳಗಾವಿ

ಲಾಬಿ ಈಗಿನ ಪ್ಲ್ಯಾನಿನಲ್ಲಿ ಹಿಂದೆ ಇದೆ, ಪಾರ್ಕಿಂಗ್ ಕಡೆಯಿಂದ. ಮುಂದಿನಿಂದ ಒಂದು ಬಾಗಿಲು ಬೇಕು ಅಂತ ಮಾಲೀಕರೇ ಈಚೆಗೆ ಕೇಳುತ್ತಿದ್ದಾರೆ. ಮನೆ ತಗೊಳ್ಳುವವರು ಅಂಗಡಿ ಸಂದಿಯಲ್ಲಿ ಹೋಗಬೇಕಾ ಅಂತ ಕೇಳುತ್ತಾರಂತೆ.

ಟವರ್ ಕಂಬದ ವಿಷಯ ಸ್ಟ್ರಕ್ಚರ್ ಡ್ರಾಯಿಂಗ್ ನೋಡಿ ಹೇಳುತ್ತೇನೆ.

---

ಹಳೇ_ಟಿ_ಸ್ಕ್ವೇರ್

ಇಂಜಿನಿಯರ್ ಸಾಹೇಬರು ಸರಿಯಾದ ಪ್ರಶ್ನೆ ಕೇಳಿದರು. ಮುಂದೆ ಲಾಬಿ ಬೇಕಾದರೆ 3, 2, 3 ಮಾಡಿ. ನಡುವಿನ ಅಂಕಣದಲ್ಲಿ ಅರ್ಧ ಲಾಬಿ, ಅರ್ಧ ಒಂದು ದೊಡ್ಡ ಅಂಗಡಿ. ಆಗಲೂ ಏಳು ಅಂಗಡಿ. ಆರು ಸಣ್ಣವು, ಒಂದು ದೊಡ್ಡದು, ಜೊತೆಗೆ ಹನ್ನೆರಡೂವರೆ ಅಡಿಯ ಪ್ರವೇಶ. ಲಾಬಿ ಸರಿಯಾಗಿ ಒಂದು ಕಿಟಕಿ ಗುಂಪಿನ ಕೆಳಗೆ ಬರುತ್ತದೆ. ರಸ್ತೆಯಿಂದ ನೋಡಿದವರಿಗೆ ಮನೆ ಬಾಗಿಲು ಇದೇ ಅಂತ ಬೋರ್ಡ್ ಇಲ್ಲದೆ ತಿಳಿಯುತ್ತದೆ.

ಆದರೆ ಅಂಗಡಿಗಳು ಸಣ್ಣ ಆಗುತ್ತವೆ. ಅದನ್ನು ಮಾಲೀಕರು ತೀರ್ಮಾನಿಸಬೇಕು, ನಾವಲ್ಲ.

ಇನ್ನು ಎತ್ತರದ ಮಾತು. 4.2, 3.9, 2.4, 3.0. ನಾಲ್ಕು ಅಂಕಿಗೂ ಪರಸ್ಪರ ಸಂಬಂಧ ಕಾಣುವುದಿಲ್ಲ. ಚಿತ್ರದಲ್ಲಿ 4.2 ಮತ್ತು 3.9 ಹೆಚ್ಚುಕಡಿಮೆ ಒಂದೇ ಕಾಣುತ್ತವೆ, ಆದರೆ ಒಂದೇ ಅಲ್ಲ, ಅದಕ್ಕೇ ತಪ್ಪು ಅನ್ನಿಸುತ್ತದೆ. ಬೇರೆ ಇದ್ದರೆ ಸ್ಪಷ್ಟವಾಗಿ ಬೇರೆ ಇರಬೇಕು, ಇಲ್ಲ ಒಂದೇ ಇರಬೇಕು. ನಾನಾಗಿದ್ದರೆ 4.5, 4.5, 1.5 ಇಡುತ್ತಿದ್ದೆ. ಮೊತ್ತ ಅದೇ 10.5, ಹಾಗಾಗಿ ಮೇಲಿನ ಟವರ್ ಒಂದು ಮಿಲಿಮೀಟರ್ ಕೂಡ ಅಲುಗಾಡುವುದಿಲ್ಲ.

`4.5 + 4.5 + 1.5 + (10 × 3.0) = 40.5`

ಎಲ್ಲವೂ 1.5 ರ ಗುಣಕ. ಎರಡು ಅಂಗಡಿ ಮಹಡಿ ಸೇರಿದರೆ ಮೂರು ಮನೆ ಮಹಡಿಯ ಎತ್ತರ. ಮೂರು ಸಣ್ಣ ಅಂಗಡಿಯ ಅಗಲಕ್ಕೆ ಎರಡು ಕಿಟಕಿ ಗುಂಪು. ಅಡ್ಡದಲ್ಲೂ ಉದ್ದದಲ್ಲೂ ಅದೇ ಎರಡು-ಮೂರರ ಸಂಬಂಧ. ಮೆಟ್ಟಿಲಿಗೂ ಒಳ್ಳೆಯದು: 150 ಮಿಲಿಮೀಟರ್ ಮೆಟ್ಟಿಲಾದರೆ ಅಂಗಡಿ ಮಹಡಿಗೆ 30, ಮನೆ ಮಹಡಿಗೆ 20, ಚಿಲ್ಲರೆ ಉಳಿಯುವುದಿಲ್ಲ.

---

ಬಾಗಲಕೋಟೆ_ಸೈಟ್_ಇಂಜಿನಿಯರ್

ಸರ್, ಗೌರವದಿಂದಲೇ ಹೇಳುತ್ತೇನೆ, 1.5 ರ ಸರ್ವಿಸ್ ಮಹಡಿ ನಾನು ಒಪ್ಪುವುದಿಲ್ಲ. 900 ಬೀಮ್ ಬಂದರೆ ಕೆಳಗೆ 600 ಉಳಿಯುತ್ತದೆ. ಹತ್ತು ಮಹಡಿಯ ಬಾತ್‌ರೂಮ್ ಪೈಪು ಅಲ್ಲಿ ತಿರುಗಬೇಕು. ಪೈಪು ಕಟ್ಟಿಕೊಂಡ ದಿನ ಪ್ಲಂಬರ್ ಹೊಟ್ಟೆ ಮೇಲೆ ತೆವಳಬೇಕಾ? 2.4 ಇಟ್ಟವರು ಯೋಚಿಸಿಯೇ ಇಟ್ಟಿರುತ್ತಾರೆ.

---

ಹಳೇ_ಟಿ_ಸ್ಕ್ವೇರ್

ಕಂಬಗಳು ನೇರ ಇಳಿದರೆ 900 ಬೀಮ್ ಬರುವುದಿಲ್ಲ ಅಂತ ನನ್ನ ಲೆಕ್ಕ. ಇಳಿಯದಿದ್ದರೆ ನಿಮ್ಮ ಮಾತೇ ಸರಿ. ಆಗ 4.2, 4.2, 2.1 ಇಡಬಹುದು. ಮೊತ್ತ ಮತ್ತೆ 10.5, ಮತ್ತು ಸರ್ವಿಸ್ ಪಟ್ಟಿ ಅಂಗಡಿ ಮಹಡಿಯ ಸರಿಯಾಗಿ ಅರ್ಧ. 3.0 ಜೊತೆಗಿನ ಚೊಕ್ಕ ಸಂಬಂಧ ತಪ್ಪುತ್ತದೆ, ಆದರೆ ಎರಡು ಅಂಗಡಿ ಮಹಡಿ ಸಮ ಆಗುತ್ತವಲ್ಲ, ಅರ್ಧಕ್ಕಿಂತ ಹೆಚ್ಚು ಲಾಭ ಅಲ್ಲೇ ಸಿಗುತ್ತದೆ.

---

ಬಾಗಲಕೋಟೆ_ಸೈಟ್_ಇಂಜಿನಿಯರ್

2.1 ರಲ್ಲೂ ಬೀಮ್ ಕೆಳಗೆ 1.2 ಸಿಗುತ್ತದೆ ಅಷ್ಟೇ. ಕೂತು ಕೆಲಸ ಮಾಡಬಹುದು, ಒಪ್ಪುತ್ತೇನೆ. ಆದರೆ ನೋಡಲು ಚೆಂದ ಅಂತ ಸರ್ವಿಸ್ ಮಹಡಿ ಕಡಿಮೆ ಮಾಡುವುದು ನನಗೆ ಸರಿ ಅನ್ನಿಸುವುದಿಲ್ಲ. ಡ್ರಾಯಿಂಗ್ ನೋಡದೆ ಮುಂದೆ ಮಾತಾಡುವುದಿಲ್ಲ.

---

ವಿಜಯಪುರ_ಸ್ಟುಡಿಯೋ

ನಾನು ಬ್ಲೆಂಡರ್‌ನಲ್ಲಿ ಇದೇ ಥರದ ಕೆಲಸ ಮಾಡುತ್ತೇನೆ. ಟಿ-ಸ್ಕ್ವೇರ್ ಸರ್, ಬಸು ಅಣ್ಣ ಹೇಳಿದ ಕ್ಯಾಮೆರಾ ವಿಷಯ ಅರ್ಧಕ್ಕೇ ನಿಂತಿತು. ರೆಂಡರ್ ಕೈಗೆ ಬಂದ ಮೇಲೆ ಮಹಡಿ ಸರಿ ಇದೆಯೋ ಇಲ್ಲವೋ ಹೇಗೆ ಪರೀಕ್ಷಿಸುವುದು? ನನಗೆ ಯಾವಾಗಲೂ ಕಣ್ಣಂದಾಜೇ.

---

ಹಳೇ_ಟಿ_ಸ್ಕ್ವೇರ್

ಒಳ್ಳೆಯ ಪ್ರಶ್ನೆ. ಕಣ್ಣಂದಾಜು ಬೇಡ, ಪಿಕ್ಸೆಲ್ ಎಣಿಸಿ.

ಕ್ಯಾಮೆರಾ ಮೇಲೂ ಕೆಳಗೂ ವಾಲದೆ ಮಟ್ಟವಾಗಿ ನೋಡುತ್ತಿದ್ದರೆ, ಒಂದೇ ನೇರ ಉದ್ದ ಗೆರೆಯ ಮೇಲೆ ಸಮ ಎತ್ತರಗಳು ಚಿತ್ರದಲ್ಲೂ ಸಮವಾಗಿಯೇ ಬರುತ್ತವೆ. ಒಂದನೇ ಮಹಡಿ ಆಗಲಿ ಹತ್ತನೇ ಮಹಡಿ ಆಗಲಿ. ಹಾಗಾಗಿ ಟವರಿನ ಒಂದು ಮೂಲೆ ಹಿಡಿಯಿರಿ. ಹತ್ತು ಮಹಡಿ ಸೇರಿ 1350 ಪಿಕ್ಸೆಲ್ ಇದ್ದರೆ ಒಂದೊಂದೂ 135 ಇರಬೇಕು. ಮೇಲೆ ಹೋದಂತೆ 135 ಇದ್ದದ್ದು ಇಳಿಯುತ್ತಾ ಹೋದರೆ ಕ್ಯಾಮೆರಾ ವಾಲಿದೆ. ಒಂದೇ ಒಂದು ಮಹಡಿ ಮಾತ್ರ ಬೇರೆ ಬಂದರೆ ಮಾಡೆಲ್ ತಪ್ಪಿದೆ. ಎರಡಕ್ಕೂ ಮದ್ದು ಬೇರೆ, ಅದಕ್ಕೇ ಮೊದಲು ಅಳೆಯಬೇಕು.

ಪೋಡಿಯಂಗೆ ಬಂದಾಗ ಒಂದು ಎಚ್ಚರ. ಅದು ಟವರಿಗಿಂತ ಹತ್ತಿರ ಇದೆ, 33 ರ ಬದಲು 30 ಮೀಟರ್. ಹಾಗಾಗಿ ಶೇಕಡಾ 10 ದೊಡ್ಡದಾಗಿ ಕಾಣಬೇಕು. 4.5 ಮೀಟರ್ ಅಂಗಡಿ ಮಹಡಿ ಅದೇ ಚಿತ್ರದಲ್ಲಿ 135 ರ ಒಂದೂವರೆ ಪಟ್ಟು, ಅದರ ಮೇಲೆ ಇನ್ನೂ ಶೇಕಡಾ 10, ಅಂದರೆ 223 ಪಿಕ್ಸೆಲ್ ಬರಬೇಕು. 202 ಬಂದರೆ ಪೋಡಿಯಂ ಮುಂದೆ ಬಂದೇ ಇಲ್ಲ ಅಂತ ಅರ್ಥ, ಎರಡೂ ಒಂದೇ ಗೋಡೆಯಲ್ಲಿ ಕೂತಿವೆ.

ಬಸು ಅವರು ಫೋಟೋಶಾಪ್ ಅಂದರು. ಎಳೆದು ಗೋಡೆ ನೇರ ಮಾಡಿದರೆ ಮಹಡಿಗಳು ಪರಸ್ಪರ ಸಮ ಆಗುತ್ತವೆ, ಅದು ನಿಜ. ಆದರೆ ಒಟ್ಟು ಎತ್ತರ ಎಷ್ಟು ಎಳೆದೆವು ಎನ್ನುವುದು ಕೈ ಅಂದಾಜು. 4.2 ಅಗಲ, 3.0 ಎತ್ತರದ ಮನೆ ಚೌಕ ಆಗಿಬಿಡಬಹುದು. ಮೇಲೆ ಹಿಗ್ಗಿಸಿದ ಕಡೆ ಕಿಟಕಿಗಳು ಮಸುಕಾಗುತ್ತವೆ, ಅಲ್ಲೇ ತಾನೇ ನಮ್ಮ ಗ್ರಿಡ್ ಇರುವುದು.

---

ಲೆನ್ಸ್_ಬಸು

ಮಸುಕಾಗುವುದು ನಿಜ, ಅದಕ್ಕೆ ನಾನು ದೊಡ್ಡ ಸೈಜಿನಲ್ಲಿ ರೆಂಡರ್ ತೆಗೆಯುತ್ತೇನೆ. ಆದರೆ ಕ್ಯಾಮೆರಾ ಮಟ್ಟ ಇಟ್ಟರೆ ಬಿಲ್ಡಿಂಗಿನ ತಲೆ ಕತ್ತರಿಸಿ ಹೋಗುತ್ತದಲ್ಲ? ಅರ್ಧ ಚಿತ್ರ ಬರೀ ರಸ್ತೆ.

---

ವಿಜಯಪುರ_ಸ್ಟುಡಿಯೋ

ಅದಕ್ಕೇ ಶಿಫ್ಟ್ ಇದೆ ಅಣ್ಣಾ. ಬ್ಲೆಂಡರ್‌ನಲ್ಲಿ ಕ್ಯಾಮೆರಾದ `Rotation X` ಅನ್ನು 90° ಗೆ ಬಿಟ್ಟು `Shift Y` ಏರಿಸಬೇಕು. ರೇಖೆ ಅವರ ಅಳತೆ ಹಾಕಿ ನೋಡಿದೆ: ಉದ್ದ ಚಿತ್ರ, 24 ಮಿಲಿಮೀಟರ್ ಲೆನ್ಸ್, `Shift Y` 0.35 ರಿಂದ 0.4 ರ ನಡುವೆ. 40.5 ಮೀಟರ್ ಪೂರ್ತಿ ಕೂರುತ್ತದೆ, ಮೇಲೆ ಸ್ವಲ್ಪ ಆಕಾಶವೂ ಸಿಗುತ್ತದೆ. ಸ್ಕೆಚಪ್ ಆದರೆ `Camera > Two-Point Perspective` ಒತ್ತಿ ಆಮೇಲೆ ಪ್ಯಾನ್ ಮಾಡಬೇಕು. ಆರ್ಬಿಟ್ ಮಾಡಿದರೆ ಅದು ಬಿಟ್ಟುಹೋಗುತ್ತದೆ.

---

ರೇಖೆ_ಬೆಳಗಾವಿ

ಅಳೆದೆ. ಮೊದಲಿನ ರೆಂಡರ್‌ನಲ್ಲಿ ಕೆಳಗಿನ ಫ್ಲಾಟ್ ಮಹಡಿಗಳು 96 ಪಿಕ್ಸೆಲ್, ಮೇಲಿನದು 71. ಒಂದೊಂದೇ ಮಹಡಿಗೆ ಕ್ರಮವಾಗಿ ಇಳಿದಿದೆ. ಆದರೆ ನಾಲ್ಕನೇದು ಮಾತ್ರ ಪಕ್ಕದವಕ್ಕಿಂತ ತುಸು ಎತ್ತರ. ತೆಗೆದು ನೋಡಿದರೆ ಆ ಮಹಡಿ ಕಾಂಪೊನೆಂಟ್ ಅಲ್ಲ, ಯಾರೋ ಬಿಡಿಸಿ ಬೇರೆ ಗ್ರೂಪ್ ಮಾಡಿ ಸ್ಕೇಲ್ ಮಾಡಿದ್ದಾರೆ. ಈ ಫೈಲ್ ನಮ್ಮಲ್ಲಿ ಮೂರ್ನಾಲ್ಕು ಜನರ ಕೈಯಲ್ಲಿ ಓಡಾಡಿದೆ.

---

ಹಳೇ_ಟಿ_ಸ್ಕ್ವೇರ್

ಆ ಟವರ್ ಅಳಿಸಿ ಒಂದೇ ಮಹಡಿಯಿಂದ ಮತ್ತೆ ಎಬ್ಬಿಸಿ. ತಿದ್ದುವುದಕ್ಕಿಂತ ಬೇಗ ಆಗುತ್ತದೆ. ಒಂದು ಮಹಡಿಯನ್ನು ಕಾಂಪೊನೆಂಟ್ ಮಾಡಿ, ಕೆಳಗಿನ ಸ್ಲ್ಯಾಬ್ ಅದಕ್ಕೆ ಸೇರಲಿ, ಮೇಲಿನ ಸ್ಲ್ಯಾಬ್ ಸೇರಬಾರದು. ಎರಡೂ ಸೇರಿಸಿದರೆ ಪ್ರತಿ ಮಹಡಿ ಕೂಡುವಲ್ಲಿ ಎರಡು ಸ್ಲ್ಯಾಬ್ ಒಂದರೊಳಗೊಂದು ಕೂತು ರೆಂಡರ್‌ನಲ್ಲಿ ಕಪ್ಪು ಚುಕ್ಕೆ ಚುಕ್ಕೆ ಕಾಣುತ್ತದೆ. `Ctrl` ಹಿಡಿದು ಮೂವ್ ಮಾಡಿ, 3 ಮೀಟರ್ ಕೊಟ್ಟು, ಆಮೇಲೆ `9x` ಟೈಪ್ ಮಾಡಿ. ಮೂಲದ್ದು ಸೇರಿ ಹತ್ತು. ಟೆರೇಸ್ ಸ್ಲ್ಯಾಬ್ ಬೇರೆಯಾಗಿ ಮೇಲೆ ಇಡಿ. ಸ್ಕೇಲ್ ಟೂಲ್ ಮುಟ್ಟಲೇ ಬೇಡಿ. ಎತ್ತರ ಹೊಂದದಿದ್ದರೆ ಮಹಡಿ ಎಳೆಯುವುದಲ್ಲ, ಕಾಂಪೊನೆಂಟ್ ಒಳಗೆ ಹೋಗಿ ಗೋಡೆ ತಿದ್ದಬೇಕು.

ಕಡೆಯದಾಗಿ ಬಿಸಿಲು. ನೀವು ಯಾವ ತಿಂಗಳು, ಎಷ್ಟು ಗಂಟೆ ಇಟ್ಟಿದ್ದೀರಿ?

---

ರೇಖೆ_ಬೆಳಗಾವಿ

ಮಾರ್ಚ್ 21, ಮಧ್ಯಾಹ್ನ ಹನ್ನೆರಡೂವರೆ. ಬಿಸಿಲು ಜೋರಾಗಿ ಇರಲಿ ಅಂತ. ಛಜ್ಜಾ 600 ಮಿಲಿಮೀಟರ್ ಇದೆ.

---

ಹಳೇ_ಟಿ_ಸ್ಕ್ವೇರ್

ಹಾಗಾದರೆ ಕಿಟಕಿಗಳೇ ಸರಿಯಾಗಿ ಕಾಣುವುದಿಲ್ಲ. ಬೆಳಗಾವಿ ಸುಮಾರು 15.85° ಉತ್ತರದಲ್ಲಿದೆ. ಮಾರ್ಚ್ 21 ರ ಮಧ್ಯಾಹ್ನ ಸೂರ್ಯ 74° ಮೇಲಿರುತ್ತಾನೆ, ಹೆಚ್ಚುಕಡಿಮೆ ನೆತ್ತಿಯ ಮೇಲೆ. 600 ರ ಛಜ್ಜಾ ದಕ್ಷಿಣ ಗೋಡೆಯ ಮೇಲೆ 2.1 ಮೀಟರ್ ನೆರಳು ಹಾಕುತ್ತದೆ. 3 ಮೀಟರ್ ಮಹಡಿಯಲ್ಲಿ 2.1 ಮೀಟರ್ ಕಪ್ಪು. ಉದ್ದ ಗೆರೆಗಳೆಲ್ಲ ಆ ಕಪ್ಪಿನಲ್ಲಿ ಮುಳುಗಿ ಕಟ್ಟಡ ಬರೀ ಅಡ್ಡ ಪಟ್ಟಿಗಳಾಗುತ್ತದೆ. ಜೂನ್ ಇಟ್ಟರೆ ಇನ್ನೂ ಕಷ್ಟ, ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ದಾಟಿರುತ್ತಾನೆ, ನಿಮ್ಮ ಮುಂಭಾಗಕ್ಕೆ ಬಿಸಿಲೇ ಬೀಳುವುದಿಲ್ಲ.

ಡಿಸೆಂಬರ್ 21, ಬೆಳಗ್ಗೆ ಹತ್ತು ಗಂಟೆ ಇಡಿ. ಆ ಹೊತ್ತಿಗೆ ಸೂರ್ಯ ಆಗ್ನೇಯದಲ್ಲಿ, 36° ಎತ್ತರದಲ್ಲಿರುತ್ತಾನೆ. ದಕ್ಷಿಣ ಗೋಡೆಗೆ ಲೆಕ್ಕ ಹಾಕಿದರೆ ನೆರಳು ಕೆಳಕ್ಕೂ ಪಕ್ಕಕ್ಕೂ ಹೆಚ್ಚುಕಡಿಮೆ 45° ಬೀಳುತ್ತದೆ. 600 ಛಜ್ಜಾಗೆ 600 ನೆರಳು. 300 ಮುಂದೆ ಬಂದ ಕಂಬಕ್ಕೆ ಪಕ್ಕದಲ್ಲಿ 300 ನೆರಳು. ಅಡ್ಡ ಗೆರೆ, ಉದ್ದ ಗೆರೆ ಎರಡಕ್ಕೂ ಸಮ ತೂಕ. ಮಾಡೆಲ್‌ಗೆ ಬೆಳಗಾವಿಯ ಲೊಕೇಶನ್ ಕೊಟ್ಟಿದ್ದೀರಾ ನೋಡಿಕೊಳ್ಳಿ, ಇಲ್ಲದಿದ್ದರೆ ಬೇರೆ ಯಾವುದೋ ಊರಿನ ಸೂರ್ಯ ಬರುತ್ತಾನೆ.

---

ಇಳಕಲ್_ಕಲ್ಲು

ಬೆಳಗಿನ ಬಿಸಿಲಿಗೆ ಕೆಂಪು ಕಲ್ಲು ಇನ್ನೂ ಚೆಂದ. ಕಂಬಗಳಿಗೆ ಮಾತ್ರ ಹಾಕಿದರೂ ಆಗುತ್ತದೆ ಅಕ್ಕಾ, ಕಂಬ ಎದ್ದು ಕಾಣುತ್ತದೆ.

---

ಹಳೇ_ಟಿ_ಸ್ಕ್ವೇರ್

ಇದು ಒಳ್ಳೆಯ ಸಲಹೆ. ನಾಲ್ಕು ಕಂಬಕ್ಕೆ ಮಾತ್ರ ಕಲ್ಲು. 8.4 ರ ಗೆರೆ ನೆಲದಲ್ಲೇ ಓದಿಕೊಳ್ಳುತ್ತದೆ. ಅಂಗಡಿ ಬೋರ್ಡುಗಳು ಕಂಬದ ನಡುವೆಯೇ ಇರಲಿ, ಕಂಬದ ಮೇಲೆ ಹತ್ತಬಾರದು. ರೆಂಡರ್‌ನಲ್ಲೇ ಬೋರ್ಡಿನ ಪಟ್ಟಿಯನ್ನು ಒಂದೇ ಎತ್ತರಕ್ಕೆ ತೋರಿಸಿಬಿಡಿ, ಆಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.

---

ಖಡೇಬಜಾರ್_ವ್ಯಾಪಾರಿ

ಬೋರ್ಡ್ ಪಟ್ಟಿ ಎಷ್ಟು ಎತ್ತರ ಇಡುತ್ತೀರಿ? ಮೂರಡಿಗಿಂತ ಕಡಿಮೆ ಆದರೆ ರಸ್ತೆಯಾಚೆಯಿಂದ ಹೆಸರು ಓದಕ್ಕಾಗಲ್ಲ. ಮತ್ತೆ ಎಂಟಡಿ ಅಂಗಡಿ ಬಟ್ಟೆ ವ್ಯಾಪಾರಕ್ಕೆ ಸಾಲದು. ಮೊಬೈಲ್, ಔಷಧಿ, ಜ್ಯೂಸ್ ಅಂಗಡಿಗೆ ಆಗುತ್ತದೆ. ನಡುವಿನ ಗೋಡೆ ತೆಗೆದು ಎರಡು ಅಂಗಡಿ ಒಂದು ಮಾಡಲು ಅವಕಾಶ ಇಟ್ಟರೆ ನಮ್ಮಂಥವರೂ ತಗೊಳ್ಳುತ್ತೇವೆ.

---

ರೇಖೆ_ಬೆಳಗಾವಿ

ಬೋರ್ಡ್ ಪಟ್ಟಿ 0.9 ಮೀಟರ್ ಇಡುತ್ತೇನೆ ಕಾಕಾ, ಮೂರಡಿ ಆಗುತ್ತದೆ. ನಡುವಿನ ಗೋಡೆ ಭಾರ ಹೊರುವುದಿಲ್ಲ, ತೆಗೆಯಬಹುದು, ಅದನ್ನು ಪ್ಲ್ಯಾನಿನಲ್ಲಿ ಬರೆದೇ ಇಡುತ್ತೇನೆ. ಕಂಬದ ಲೇಯರ್ ಆನ್ ಮಾಡಿದ್ದೇನೆ, ಇನ್ನು ಆಫ್ ಮಾಡುವುದಿಲ್ಲ.

ಹೊಸ ರೆಂಡರ್ ಸಣ್ಣ ಸೈಜಿನಲ್ಲಿ ತೆಗೆದೆ. ರೇಲಿಂಗ್, 3-2-3, ಡಿಸೆಂಬರ್ ಬಿಸಿಲು, ಶಿಫ್ಟ್ ಕ್ಯಾಮೆರಾ. ಹತ್ತು ಮಹಡಿಯೂ 88 ಪಿಕ್ಸೆಲ್. ಎತ್ತರ ಮಾತ್ರ ಹಳೆಯದೇ ಬಿಟ್ಟಿದ್ದೇನೆ. ಸ್ಟ್ರಕ್ಚರ್ ಡ್ರಾಯಿಂಗ್ ನೋಡಿದೆ, ಟವರಿನ ಮುಂದಿನ ಸಾಲಿನ ಕಂಬಗಳಲ್ಲಿ ಎರಡು ನೇರ ಇಳಿಯುತ್ತವೆ, ಎರಡು ಪಾರ್ಕಿಂಗ್ ರ‍್ಯಾಂಪಿನ ಮೇಲೆ ಬರುತ್ತವೆ. ಇಂಜಿನಿಯರ್ ಸರ್, ಎರಡಕ್ಕೆ ಮಾತ್ರ ಟ್ರಾನ್ಸ್‌ಫರ್ ಬೀಮ್ ಹಾಕಿದರೆ ಆ ಎರಡು ಅಂಕಣದಲ್ಲಿ ಸರ್ವಿಸ್ ಮಹಡಿಯ ತಳ ಕೆಳಗೆ ಇಳಿದು ಉಳಿದ ಕಡೆ ಮೇಲೆ ಇರಬಹುದಾ? ಹೊರಗಿನಿಂದ ಪಟ್ಟಿ ಒಂದೇ ಕಾಣಬೇಕು.

---

ಬಾಗಲಕೋಟೆ_ಸೈಟ್_ಇಂಜಿನಿಯರ್

ಇರಬಹುದು, ಆದರೆ ಒಂದನೇ ಮಹಡಿಯ ಅಂಗಡಿಯೊಳಗೆ ಸೀಲಿಂಗ್ ಎರಡು ಎತ್ತರ ಆಗುತ್ತದೆ. ಮೊದಲು ರ‍್ಯಾಂಪ್ ಒಂದು ಅಂಕಣ ಪಕ್ಕಕ್ಕೆ ಹೋಗುತ್ತದಾ ನೋಡಿ. ಹೋದರೆ ನಾಲ್ಕೂ ಕಂಬ ನೇರ ಇಳಿಯುತ್ತವೆ, ನಮ್ಮಿಬ್ಬರ ಜಗಳವೂ ಇರುವುದಿಲ್ಲ. ಬೇಸ್‌ಮೆಂಟ್ ಪ್ಲ್ಯಾನ್ ಹಾಕಿ, ನಾಳೆ ಸಂಜೆ ಸೈಟಿನಿಂದ ಬಂದ ಮೇಲೆ ನೋಡುತ್ತೇನೆ.